ಅಪ್ಪ ಬರೆದ ‘ಇರಲಿ’ಗಳು

ಅಪ್ಪನ ಕವಿತೆಗಳ ಬಗ್ಗೆ ನಾವು ಮನೆಯಲ್ಲಿ ಮಾತಾಡುವುದಿಲ್ಲ. ಅದು ನಮ್ಮ ಕರಾರು. ಅವರ ಎರಡನೇ ಪುಸ್ತಕ ಅಚ್ಚಾಗುವಾಗ ಒಂದು ಅಲ್ಪವಿರಾಮದ ವಿಷಯಕ್ಕೆ ಶುರುವಾದ ಜಗಳ ಊಟದ ತಟ್ಟೆಯವರೆಗೂ ಬಂದು, ಮೂರು ದಿನ ಇಬ್ಬರೂ ಮಾತು ಬಿಟ್ಟಿದ್ದೆವು. ನಾಲ್ಕನೇ ದಿನ ಅಪ್ಪನೇ ಬಂದು, ಮನೆಯಲ್ಲಿ ನೀನು ಮಗಳು, ಪ್ರೆಸ್ಸಿನಲ್ಲಿ ಕರಡು ತಿದ್ದುವವಳು, ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುವುದು ಬೇಡ ಎಂದರು. ಅಲ್ಲಿಂದ ಮುಂದೆ ನನ್ನ ಅನುಮಾನಗಳೆಲ್ಲ ಕರಡಿನ ಅಂಚಿಗೆ ಹೋದವು.

ಕೆಲಸ ನಡೆಯುವುದು ಹೀಗೆ. ಖಂಡಿತ ತಪ್ಪು ಎಂದು ಗೊತ್ತಿದ್ದುದನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ. ಬೇಕೆಂದೇ ಹಾಗೆ ಬರೆದಿರಬಹುದು ಅನ್ನಿಸಿದರೆ ಶಾಯಿ ಮುಟ್ಟುವುದಿಲ್ಲ. ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ಪ್ರಶ್ನೆ ಬರೆದು, ಸಂಜೆ ಹಾಳೆಗಳನ್ನು ಅಪ್ಪನ ಮೇಜಿನ ಮೇಲೆ ಇಡುತ್ತೇನೆ. ಬೆಳಗ್ಗೆ ಅವು ಅಲ್ಲೇ ಇರುತ್ತವೆ, ಉತ್ತರದ ಜೊತೆ. ಬದಲಿಸಬೇಕಾದರೆ ಬದಲು ಪದ ಬರೆದಿರುತ್ತಾರೆ. ಬದಲಿಸಬಾರದೆಂದರೆ ಆ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು ‘ಇರಲಿ’ ಎಂದು ಬರೆದಿರುತ್ತಾರೆ. ಕರಡು ತಿದ್ದುವವರೆಲ್ಲ ಬಳಸುವ ಗುರುತೇ ಅದು. ಆದರೆ ಅಪ್ಪ ಬರೆದರೆ ಅದರಲ್ಲಿ ಸ್ವಲ್ಪ ಗತ್ತು ಇರುತ್ತಿತ್ತು, ‘ಕೈ ತೆಗಿ’ ಅಂದ ಹಾಗೆ.

ಅವರು ಮೊದಲು ಔಷಧದಂಗಡಿಯಲ್ಲಿ ಕಾಂಪೌಂಡರ್ ಆಗಿದ್ದರು. ವೈದ್ಯರ ಕೋಳಿಕಾಲಿನ ಬರವಣಿಗೆಯನ್ನು ಜೀವಮಾನವಿಡೀ ಓದಿದವರು. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಯಾರದೋ ಪ್ರಾಣಕ್ಕೆ ಬರುತ್ತದೆ ಅನ್ನುವ ಹೆದರಿಕೆಯಲ್ಲೇ ಬದುಕಿದವರು. ಅಂಥವರು ಅಚ್ಚಿನ ಒಂದು ತಪ್ಪನ್ನು ಬಿಡುವುದುಂಟೇ? ನಾನು ಬಿಟ್ಟದ್ದನ್ನೂ ಹಿಡಿದು, ಪಕ್ಕದಲ್ಲಿ ‘ಕನ್ನಡಕ ಬದಲಿಸು’ ಎಂದು ಬರೆಯುತ್ತಿದ್ದರು.

ಈ ಸಲದ ಪುಸ್ತಕದಲ್ಲಿ ಹಳೆಯ ಕವಿತೆಗಳೇ ಹೆಚ್ಚು, ಅವರದೇ ಕೈಬರಹದಲ್ಲಿ ಇದ್ದಂಥವು. ಹೊಸದು ಒಂದೇ. ಕೊನೆಯಲ್ಲಿ ಬರುವ ನೀಳ್ಗವಿತೆ, ತೀರಿಹೋದ ನನ್ನ ಸೋದರತ್ತೆಯ ಮೇಲೆ ಬರೆದದ್ದು. ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಆಕೆ. ಅದನ್ನು ಕೈಯಲ್ಲಿ ಬರೆಯಲಿಲ್ಲ. ಬೆರಳು ನೋಯುತ್ತದೆ ಎಂದು, ಫೋನಿಗೆ ಬಾಯಲ್ಲಿ ಹೇಳಿ, ಫೋನು ಬರೆದುಕೊಂಡದ್ದನ್ನು ನೇರವಾಗಿ ಪ್ರೆಸ್ಸಿಗೆ ಕಳಿಸಿದರು. ಎಪ್ಪತ್ತು ದಾಟಿದ ಮೇಲೆ ಅಪ್ಪನಿಗೆ ಹೊಸ ಷೋಕಿ ಎಂದು ನಾನು ನಕ್ಕಿದ್ದೆ.

ಫೋನಿಗೆ ಸಾಲು ಎಲ್ಲಿ ಮುರಿಯುತ್ತದೆ ಎಂದು ಏನು ಗೊತ್ತು? ಇಡೀ ಕವಿತೆ ಒಂದೇ ಮುದ್ದೆಯಾಗಿ ಬಂತು. ಜೊತೆಗೆ ಅದಕ್ಕೆ ಶಾಲೆಯ ಕನ್ನಡ ಮಾತ್ರ ಬರುತ್ತದೆ. ಆಡುಮಾತಿನ ಪದ ಕಿವಿಗೆ ಬಿದ್ದರೆ ಸ್ನಾನ ಮಾಡಿಸಿ ತಲೆ ಬಾಚಿಯೇ ಪರದೆಗೆ ಕಳಿಸುತ್ತದೆ. ಆ ಮುದ್ದೆಯನ್ನು ನಮ್ಮ ಪ್ರೆಸ್ಸಿನ ಹಳೆಯ ಫಾಂಟಿನಲ್ಲಿ ಮತ್ತೆ ಟೈಪು ಮಾಡಿ ಕೂಡಿಸಿದವನು ನಮ್ಮ ಆಪರೇಟರ್ ಎಂಟರ್‌ರಾಯ. ಅದು ನಾವು ಇಟ್ಟ ಹೆಸರು. ಕೀಲಿಮಣೆಯಲ್ಲಿ ಅವನಿಗೆ ಅತ್ಯಂತ ಪ್ರಿಯವಾದ ಗುಂಡಿ ಅದೇ. ಕವಿತೆ ಎಂದು ಗೊತ್ತಾದರೆ ಸಾಕು, ಮೂರು ಪದಕ್ಕೊಂದು ಸಲ ಒತ್ತಿಕೊಂಡು ಹೋಗುತ್ತಾನೆ. ಕೆಲಸ ಮಾತ್ರ ಚುರುಕು, ಮನಸ್ಸೂ ಒಳ್ಳೆಯದು.

ಮೊದಲ ಕರಡು ನೋಡಿದಾಗ ನನಗೆ ಬಂದದ್ದು ಭಯವಲ್ಲ, ಸಿಟ್ಟು. ಯಾಕೆಂದರೆ ಆ ಕವಿತೆ ನನಗೆ ಗೊತ್ತಿತ್ತು, ಕಣ್ಣಿಗಲ್ಲ, ಕಿವಿಗೆ. ಕಳೆದ ವರ್ಷವೆಲ್ಲ ಅಪ್ಪ ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಿಸುತ್ತ ಅದನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಕರಾರಿನ ಪ್ರಕಾರ ನಾನು ಕೇಳಿಸಿಕೊಳ್ಳದವಳ ಹಾಗೆ ಇರುತ್ತಿದ್ದೆ. ಅದರಲ್ಲಿ ಒಂದು ಕಡೆ ಹೀಗಿತ್ತು:

ಅಕ್ಕ ಆಕಾಸ ಅನ್ನುತ್ತಿದ್ದಳು
ನಾನು ತಿದ್ದುತ್ತಿದ್ದೆ
ಆಕಾಶ
ಅವಳು ಮತ್ತೆ
ಆಕಾಸ
ಒದ್ದೆ ಅಂಗಿ ಹಿಂಡುತ್ತ

ಕರಡಿನಲ್ಲಿ ಎಲ್ಲ ಕಡೆಯೂ ‘ಆಕಾಶ’ವೇ. ಅಕ್ಕ ಆಕಾಶ ಅನ್ನುತ್ತಿದ್ದಳು, ನಾನು ಆಕಾಶ ಎಂದು ತಿದ್ದುತ್ತಿದ್ದೆ, ಅವಳು ಮತ್ತೆ ಆಕಾಶ. ಇಬ್ಬರಿಗೂ ತಲೆ ಕೆಟ್ಟಿದೆ ಅನ್ನಬೇಕು. ಎಂಟರ್‌ರಾಯನನ್ನು ಕರೆದು ತೋರಿಸಿದೆ. ಫೋನು ಕೊಟ್ಟದ್ದನ್ನೇ ಕೂಡಿಸಿದ್ದೇನೆ, ಅಲ್ಲಿ ತಪ್ಪೆಲ್ಲಿದೆ ಎಂದು ಕೇಳಿದ. ತಪ್ಪಿಲ್ಲದಿರುವುದೇ ತಪ್ಪು ಕಣಪ್ಪ ಅಂದರೆ ಪಿಳಿಪಿಳಿ ನೋಡಿದ.

ಮಹಡಿಯ ಈ ತುದಿಯಿಂದ ಆ ತುದಿಗೆ ಕಟ್ಟಿದ ಹಗ್ಗದ ಬಗ್ಗೆ ಒಂದು ಸಾಲಿದೆ. ಅಪ್ಪ ಅದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು, ಹಗ್ಗದಷ್ಟೇ ಉದ್ದ. ಅದನ್ನು ರಾಯ ನಾಲ್ಕು ತುಂಡು ಮಾಡಿದ್ದ. ಪುಟದಲ್ಲಿ ಹಿಡಿಸದಿದ್ದರೆ ಮಿಕ್ಕದ್ದನ್ನು ಕೆಳಗೆ ತಂದು ಒಳಕ್ಕೆ ಸರಿಸಿ ಕೂಡಿಸಬೇಕು, ಆಗ ಇದು ಹೊಸ ಸಾಲಲ್ಲ, ಅದೇ ಸಾಲಿನ ಬಾಲ ಎಂದು ಓದುಗರಿಗೆ ತಿಳಿಯುತ್ತದೆ ಎಂದು ಅವನಿಗೆ ಹೇಳಿದೆ. ಮನೆ ಬಿಟ್ಟು ಅತ್ತೆ ಹೋಗುವ ಕಡೆ ಅಪ್ಪ ‘ಹೋಗು’ ಎಂದು ನಿಲ್ಲಿಸಿ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಬಿಟ್ಟು, ‘ತ್ತೇನೆ’ ಅನ್ನುತ್ತಿದ್ದರು. ಪದವನ್ನೇ ಮುರಿದು ಎರಡು ಸಾಲಿಗೆ ಹಂಚಿದ್ದಾರೆ ಎಂದು ನಾನು ಊಹಿಸಿದ್ದೆ. ಕರಡಿನಲ್ಲಿ ‘ಹೋಗುತ್ತೇನೆ’ ಒಂದೇ ಪದವಾಗಿ, ಬಸ್ಸಿಗೆ ಹೊರಟವರ ಹಾಗೆ, ಆರಾಮಾಗಿ ಕೂತಿತ್ತು.

ಆದರೆ ಊಹೆ ಊಹೆಯೇ. ಮಹಡಿಯ ಮೇಲೆ ಅರ್ಧ ಕೇಳಿದ್ದನ್ನು ನಂಬಿ ಕೆಂಪು ಶಾಯಿ ಹಾಕುವ ಹಾಗಿಲ್ಲ. ಕವಿಗಳು ಬಾಯಲ್ಲಿ ಒಂದು ಹೇಳಿ ಪುಟದಲ್ಲಿ ಇನ್ನೊಂದು ಬಯಸುವುದುಂಟು. ರಾಯನ ಕೈಯಿಂದ ಬಂದ ‘ಮಧ್ಯಾನ್ಹ’ವನ್ನು ‘ಮಧ್ಯಾಹ್ನ’ ಮಾಡಿದೆ, ಉದುರಿದ ಒತ್ತಕ್ಷರಗಳನ್ನು ಸೇರಿಸಿದೆ, ಅಷ್ಟೇ. ಉಳಿದದ್ದಕ್ಕೆಲ್ಲ ಪೆನ್ಸಿಲಿನ ಸುತ್ತು. ‘ಆಕಾಶವೋ ಆಕಾಸವೋ?’ ‘ಇಲ್ಲಿ ಒಡೆಯಬೇಕೋ ಬೇಡವೋ?’ ಹೀಗೆ ಅಂಚು ತುಂಬಿತು.

ಎರಡನೇ ಪುಟದಲ್ಲಿ ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟೆ. ಅತ್ತೆ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುತ್ತಾಳೆ, ಬಿಸಿಲು ಅವಳ ಬೆನ್ನ ಮೇಲಿದೆ, ಅದರ ಮರುಸಾಲು: ‘ಸಿಲಿಂಡರ್ ಒಳಗೆ ಇಡಬೇಕಾ’. ಅಪ್ಪ ಫೋನಿಗೆ ಕವಿತೆ ಹೇಳುತ್ತಿದ್ದಾಗ ಗ್ಯಾಸಿನವನು ಬಂದಿದ್ದಾನೆ, ಫೋನು ಅವನ ಮಾತನ್ನೂ ಭಕ್ತಿಯಿಂದ ಬರೆದುಕೊಂಡಿದೆ. ಪ್ರೆಸ್ಸಿನ ಯಜಮಾನರಿಗೂ ತೋರಿಸಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಈಗಿನ ಕಾವ್ಯವಲ್ಲವೇ, ಇದ್ದರೂ ಇರಬಹುದು ಅಂದರು. ನೇರ ಕೆಂಪು ಗೀಟು ಎಳೆಯಬಹುದಿತ್ತು. ಅಪ್ಪನನ್ನು ಕೆಣಕೋಣ ಎಂದು ಸುತ್ತು ಹಾಕಿ, ‘ಇದೂ ನಿಮ್ಮದೇ?’ ಎಂದು ಬರೆದು, ಸಂಜೆ ಮೇಜಿನ ಮೇಲೆ ಇಟ್ಟೆ. ಬೆಳಗ್ಗೆ ಎಂಥ ಏಟು ಬರುತ್ತದೋ ಎಂದು ಕಾಯುವುದರಲ್ಲೂ ಒಂದು ಸುಖವಿತ್ತು.

ಬೆಳಗ್ಗೆ ಪ್ರೆಸ್ಸಿಗೆ ಹೋಗಿ ಹಾಳೆ ಬಿಚ್ಚಿದೆ. ‘ಆಕಾಶವೋ ಆಕಾಸವೋ?’ ಎಂಬುದರ ಪಕ್ಕ ‘ಇರಲಿ’. ಎರಡರಲ್ಲಿ ಒಂದು ಆರಿಸಿ ಎಂದರೆ ಇರಲಿ ಅನ್ನುವುದು ಯಾವ ಸೀಮೆ ಉತ್ತರ ಎಂದು ಗೊಣಗಿದೆ. ಹಳೆಯದೇ ಇರಲಿ, ಆಕಾಸ ಅಂತಲೇ ಇರಲಿ ಎಂದು ಅರ್ಥವಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಹಗ್ಗದ ನಾಲ್ಕು ತುಂಡಿಗೂ ‘ಇರಲಿ’. ‘ಒಡೆಯಬೇಕೋ ಬೇಡವೋ’ಗೂ ‘ಇರಲಿ’. ಪುಟ ತಿರುಗಿಸಿದೆ.

‘ಸಿಲಿಂಡರ್ ಒಳಗೆ ಇಡಬೇಕಾ’ ಎಂಬುದರ ಕೆಳಗೆ ನೀಟಾಗಿ ಚುಕ್ಕಿಗಳಿದ್ದವು. ಪಕ್ಕದಲ್ಲಿ ‘ಇರಲಿ’.

ತಮಾಷೆ ಮಾಡಿದ್ದಾರೆ ಎಂದು ಮೊದಲು ಅಂದುಕೊಂಡೆ. ಅಪ್ಪನ ತಮಾಷೆ ನನಗೆ ಗೊತ್ತು, ಅದಕ್ಕೊಂದು ಬಾಲ ಇರುತ್ತದೆ, ‘ಖಾಲಿಯಾಗಿದ್ದರೆ ಹೊರಗೆ’ ಎಂದೋ ಏನೋ ಒಂದು. ಇಲ್ಲಿ ಬಾಲವಿರಲಿಲ್ಲ. ಮತ್ತೆ ಮೊದಲ ಪುಟದಿಂದ ನೋಡಿದೆ. ಒಂದಾದರೂ ಬೇರೆ ಮಾತು ಬರೆದಿದ್ದಾರೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆ. ಇರಲಿಲ್ಲ. ಎಲ್ಲವೂ ಇರಲಿ, ಇರಲಿ, ಇರಲಿ. ಆ ಮೂರು ಅಕ್ಷರಗಳೂ ಒಂದೊಂದು ಕಡೆ ಒಂದೊಂದು ಥರ ಇದ್ದವು. ಒಂದರಲ್ಲಿ ‘ರ’ದ ಮೇಲೆ ಎರಡು ಸಲ ಗೀಚಿದ್ದರು, ಮರೆತು ನೆನೆಸಿಕೊಂಡವರ ಹಾಗೆ.

ಕುರ್ಚಿಯಲ್ಲಿ ಕೂತೇ ಇದ್ದೆ, ಆದರೂ ಮೇಜನ್ನು ಹಿಡಿದುಕೊಂಡೆ. ಹಿಂದಿನದೆಲ್ಲ ಒಂದೊಂದಾಗಿ ಎದ್ದು ಬರತೊಡಗಿತು. ಬೆರಳು ನೋಯುತ್ತದೆ ಅಂದವರು ಅದೇ ಬೆರಳಲ್ಲಿ ಅಂಗಿಗೆ ಗುಂಡಿ ಹೊಲಿದಿದ್ದರು. ಪತ್ರಿಕೆಯನ್ನು ನೀನೇ ಓದು, ನನಗೆ ಬೇಜಾರು ಅನ್ನುತ್ತಿದ್ದರು, ಓದಿಸಿಕೊಂಡು ಸೋಮಾರಿಯಾಗಿದ್ದಾರೆ ಎಂದು ನಾನು ರೇಗಿಸಿದ್ದೆ. ಒಂದು ದಿನ ಮಾತ್ರೆಯ ಪಟ್ಟಿಯನ್ನು ನನ್ನ ಮುಂದೆ ಹಿಡಿದು, ಇದು ಬೆಳಗಿನದಾ ರಾತ್ರಿಯದಾ ಎಂದು ಕೇಳಿದ್ದರು. ಮೂವತ್ತು ವರ್ಷ ಊರಿಗೆಲ್ಲ ಮಾತ್ರೆ ಕೊಟ್ಟವರು. ನಾನು ಅಡುಗೆಯ ಅವಸರದಲ್ಲಿ, ಅದರ ಮೇಲೇ ಬರೆದಿದೆಯಲ್ಲ ಅಪ್ಪ ಅಂದಿದ್ದೆ.

ಎಲ್ಲದಕ್ಕೂ ಕರಾರು ಅಡ್ಡ ನಿಂತಿತ್ತು. ನಾವು ಎದುರುಬದುರು ಕೂತು ಒಂದು ಸಾಲನ್ನಾದರೂ ಓದಿದ್ದರೆ ಯಾವತ್ತೋ ಗೊತ್ತಾಗುತ್ತಿತ್ತು. ಹಾಳೆ ಮೇಜಿಗೆ, ಮೇಜಿನಿಂದ ಪ್ರೆಸ್ಸಿಗೆ. ಅವರಿಗೆ ಅಡಗಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿತ್ತು?

ಯಜಮಾನರು ಬಂದು, ನಾಳೆ ಅಚ್ಚಿನ ಪ್ಲೇಟಿಗೆ ಹೋಗಬೇಕು, ಇನ್ನೂ ಏನು ಮೀನಮೇಷ ಎಂದರು. ಕವಿಗಳು ಇರಲಿ ಎಂದಮೇಲೆ ಇರಲಿ ಬಿಡಿ, ಅಂದರು. ಇಲ್ಲವಾದರೆ ಬೇಡದ್ದೆಲ್ಲ ತೆಗೆದು ಚೊಕ್ಕ ಮಾಡಿಬಿಡಿ, ಯಾರು ಕೇಳುತ್ತಾರೆ ಎಂದೂ ಅಂದರು. ಎರಡು ಮಾತಿಗೂ ನನಗೆ ಭಯವಾಯಿತು. ಇದ್ದದ್ದನ್ನು ಇದ್ದ ಹಾಗೆ ಬಿಟ್ಟರೆ, ಕಾಂಪೌಂಡರ್ ಕವಿಗೆ ಅರಳುಮರಳು ಎಂದು ಓದಿದವರೆಲ್ಲ ಕವಿತೆಯ ಮೊದಲ ಪುಟದಲ್ಲೇ ತಿಳಿದುಕೊಳ್ಳುತ್ತಾರೆ. ಎಲ್ಲವನ್ನೂ ಚೊಕ್ಕ ಮಾಡಿದರೆ, ಅಪ್ಪ ಬೇಕೆಂದೇ ಮುರಿದ ಕಡೆಯೆಲ್ಲ ನಾನು ಮುಲಾಮು ಹಚ್ಚಿ ಕೂಡಿಸಿದ ಹಾಗೆ. ಅದು ಅವರ ಕೊನೆಯ ಕವಿತೆ ಎಂಬುದು ಆಗ ನನಗೆ ಮೊದಲ ಸಲ ಹೊಳೆಯಿತು. ಸಂಜೆಯವರೆಗೆ ಸಮಯ ಕೇಳಿ, ಹಾಳೆ ಬ್ಯಾಗಿಗೆ ತುರುಕಿ ಮಧ್ಯಾಹ್ನವೇ ಮನೆಗೆ ಹೊರಟೆ.

ಅಪ್ಪ ಮಹಡಿಯ ಮೇಲೆ ಇದ್ದರು, ಹಗ್ಗದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು. ಈ ಹೊತ್ತಿಗೆ ಯಾಕೆ ಬಂದೆ, ಪ್ರೆಸ್ಸಿಗೆ ಬೆಂಕಿ ಬಿತ್ತಾ ಎಂದು ನಕ್ಕರು. ನೋಡಲು ಯಾವಾಗಿನ ಅಪ್ಪನೇ. ಅದೇ ಇಸ್ತ್ರಿ ಅಂಗಿ, ಜೇಬಿಗೆ ಅದೇ ಪೆನ್ನು. ಎರಡನೇ ಪುಟವನ್ನು ಅವರ ತೊಡೆಯ ಮೇಲೆ ಇಟ್ಟೆ.

“ಕರಾರು?” ಅಂದರು.

“ಕರಾರು ಇವತ್ತಿಗೆ ಬೇಡಪ್ಪ. ಈ ಸಾಲು ಒಂದು ಸಲ ಓದಿ.”

ಬೆರಳನ್ನು ಸಾಲಿನ ಕೆಳಗೆ ಇಟ್ಟರು. ಬೆರಳು ಮುಂದೆ ಹೋಯಿತು, ಬಾಯಿ ಹೋಗಲಿಲ್ಲ. ಹಾಳೆಯನ್ನು ಸ್ವಲ್ಪ ದೂರ ಹಿಡಿದರು, ಮತ್ತೆ ಹತ್ತಿರ ತಂದರು, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಮಗು ಹೋಮ್‌ವರ್ಕ್ ಮಾಡಿಲ್ಲ ಎಂದು ಹೇಳಲಾರದೆ ಪುಸ್ತಕದ ಪುಟ ತಿರುವುವ ಹಾಗೆ ಇತ್ತು ಅದು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಏನೂ ನೋಡಿಲ್ಲ ಎಂದು ಪ್ರೆಸ್ಸಿಗೆ ವಾಪಸು ಹೋಗಿ, ಎಲ್ಲಕ್ಕೂ ಇರಲಿ ಅಂದುಬಿಡಬೇಕು ಅನ್ನಿಸಿತು.

“ಅಕ್ಷರ ಕಾಣುತ್ತೆ,” ಅಂದರು ಅಪ್ಪ, ಹಾಳೆಯಿಂದ ಕಣ್ಣೆತ್ತದೆ. “ಒಂದೊಂದೇ ಕಾಣುತ್ತೆ. ಕೂಡೋದಿಲ್ಲ ಮಗಾ.”

ಯಾವಾಗಿನಿಂದ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಒಂದು ದಿನ ಚೆನ್ನಾಗಿರುತ್ತದಂತೆ, ಇನ್ನೊಂದು ದಿನ ಅಂಗಡಿಯ ಬೋರ್ಡೂ ಪರದೇಶದ ಲಿಪಿಯ ಹಾಗೆ ಕಾಣುತ್ತದಂತೆ. ಬರೆಯಲು ಹೋದರೆ ಕೈ ಅರ್ಧದಲ್ಲೇ ನಿಲ್ಲುತ್ತದಂತೆ. ‘ಇರಲಿ’ ಒಂದು ಮಾತ್ರ ಬರುತ್ತದೆ, ಅಷ್ಟು ಸಲ ಬರೆದ ಕೈಯಲ್ಲವೇ, ಅಂದರು. ನೀನು ಸುತ್ತು ಹಾಕಿದ ಕಡೆಯೆಲ್ಲ ಅದನ್ನೇ ಬರೆದೆ. ಯಾವುದು ನನ್ನದು, ಯಾವುದು ಅಲ್ಲ ಎಂದು ತಿಳಿಯಲಿಲ್ಲ. ಅಳಿಸಿದರೆ ನನ್ನದೇ ಹೋಗಿಬಿಟ್ಟೀತು ಎಂದು ಹೆದರಿಕೆಯಾಯಿತು, ಅಂದರು.

ಅಪ್ಪನ ಬಾಯಲ್ಲಿ ‘ಹೆದರಿಕೆ’ ಎಂಬ ಪದ ನಾನು ಕೇಳಿದ್ದು ಅದೇ ಮೊದಲು. ನನ್ನ ಹೆದರಿಕೆಗಾದರೂ ಹೋಗಿ ಅಡಗಲು ಅವರಿದ್ದರು. ಈಗ ಅವರೇ ನನ್ನ ಹತ್ತಿರ ಅಡಗಲು ಜಾಗ ಕೇಳುತ್ತಿದ್ದರು. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಅಂದೆ. ಪುಸ್ತಕ ಬರಲಿ, ಆಮೇಲೆ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗು ಅಂದರು. ಪುಸ್ತಕ ನಾಳೆ ಪ್ಲೇಟಿಗೆ, ನೀವು ನಾಳೆ ಡಾಕ್ಟರಿಗೆ, ಚೌಕಾಸಿ ಬೇಡ ಅಂದೆ. ಒಪ್ಪಿಕೊಂಡರು.

ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಪೆನ್ಸಿಲು ಬ್ಯಾಗಿಗೆ ಹಾಕಿ ಕೆಂಪು ಪೆನ್ನು ತೆಗೆದೆ. ಹಗ್ಗದ ಮೇಲಿದ್ದ ಬಟ್ಟೆಗಳನ್ನು ಎಳೆದು ಅವರ ಮಡಿಲಿಗೆ ಹಾಕಿದೆ.

“ಮಡಿಸಿ. ಮಡಿಸ್ತಾ ಹೇಳಿ. ನೀವು ನಿಲ್ಲಿಸಿದ ಕಡೆ ನಾನು ಮುರೀತೀನಿ.”

ಮೊದಲು ಏನೂ ಬರಲಿಲ್ಲ. ಒಂದು ಟವೆಲು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಬಾಯಲ್ಲೂ ಉಳಿದಿಲ್ಲವಾದರೆ? ಎರಡನೇ ಟವೆಲಿನ ಮೂಲೆಗಳನ್ನು ಕೂಡಿಸುವಾಗ ಶುರುವಾಯಿತು, ಸಣ್ಣ ದನಿಯಲ್ಲಿ, ಯಾವತ್ತಿನ ಹಾಗೆ. ಅಕ್ಕ ಮೆಟ್ಟಿಲು ಹತ್ತಿದಳು. ಬಿಸಿಲು ಬೆನ್ನ ಮೇಲೆ ಬಂತು. ಗ್ಯಾಸಿನವನು ಬರಲಿಲ್ಲ, ಅವನ ಮೇಲೆ ನಾನು ಗೀಟು ಎಳೆದೆ. ಹಗ್ಗದ ಸಾಲನ್ನು ಅಪ್ಪ ಒಂದೇ ಉಸಿರಿನಲ್ಲಿ ಎಳೆದರು, ಕೊನೆಗೆ ಕೆಮ್ಮು ಬಂದರೂ ನಡುವೆ ಬಿಡಲಿಲ್ಲ. ರಾಯನ ತುಂಡುಗಳನ್ನೆಲ್ಲ ಕೊಂಡಿ ಹಾಕಿ ಸೇರಿಸಿ, ಬಾಲವನ್ನು ಒಳಕ್ಕೆ ಸರಿಸುವ ಗುರುತು ಹಾಕಿದೆ. ಆಕಾಸ, ಆಕಾಶ, ಆಕಾಸ, ಮೂರೂ ತಂತಮ್ಮ ಜಾಗಕ್ಕೆ ಬಂದವು. ‘ಹೋಗು’ ಎಂದಾಗ ಅಪ್ಪನ ಕೈ ಬಟ್ಟೆಯ ಮೇಲೆ ನಿಂತಿತು. ‘ಗು’ ಆದ ಮೇಲೆ ಗೀಟು ಎಳೆದು ಕಾದೆ. ಅವರು ‘ತ್ತೇನೆ’ ಎಂದಾಗ ಅದನ್ನು ಒಂಟಿಯಾಗಿ ಕೆಳಗಿನ ಸಾಲಿಗೆ ಇಳಿಸಿದೆ. ನನ್ನ ಊಹೆ ಸರಿಯಿತ್ತು ಎಂಬ ಖುಷಿ ಅರ್ಧ ನಿಮಿಷವೂ ಇರಲಿಲ್ಲ, ಇದನ್ನು ಇನ್ನೆಷ್ಟು ಸಲ ಕೇಳುತ್ತೇನೋ ಎಂಬ ಭಯ ಅದನ್ನು ತಿಂದುಹಾಕಿತು.

ಕವಿತೆ ಮುಗಿಯಿತು. ಬಟ್ಟೆಗಳೂ ಮುಗಿದವು. ಹಾಳೆಗಳನ್ನು ಜೋಡಿಸಿ, ರಾಯ ಕಾಯುತ್ತಿರುತ್ತಾನೆ, ಕೊಟ್ಟು ಬಂದುಬಿಡುತ್ತೇನೆ ಎಂದು ಎದ್ದೆ. ಅಪ್ಪ ಏಳಲಿಲ್ಲ. ಮಡಿಸಿದ ಬಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ತಲೆ ಹಿಂದಕ್ಕೆ ಒರಗಿಸಿ ಮೇಲೆ ನೋಡುತ್ತಿದ್ದರು. ಮುಖದಲ್ಲಿ ಆಯಾಸವಿತ್ತು. ಅದರ ಜೊತೆಗೆ ನಾನು ಅಲ್ಲಿಯವರೆಗೆ ಕಾಣದ ಒಂದು ಎಳೆತನವೂ ಇತ್ತು.

“ಅಕ್ಕಾ,” ಅಂದರು, ನನ್ನನ್ನೇ ನೋಡುತ್ತ. ಬೆರಳು ಮೇಲಕ್ಕೆ ತೋರಿಸಿತು. “ಅದಕ್ಕೆ ಏನಂತಾರೆ?”

ನಾನು ನಿಮ್ಮ ಅಕ್ಕನಲ್ಲ, ಮಗಳು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊಟ್ಟೆಪಾಡಿಗೆ ಇನ್ನೊಬ್ಬರನ್ನು ತಿದ್ದುತ್ತ ಬಂದವಳು ನಾನು. ಕೈಯಲ್ಲಿ ಕೆಂಪು ಪೆನ್ನು ಇನ್ನೂ ತೆರೆದೇ ಇತ್ತು. ಅದಕ್ಕೆ ಮುಚ್ಚಳ ಹಾಕಿ ಅವರ ಪಕ್ಕದಲ್ಲಿ ನೆಲದ ಮೇಲೇ ಕೂತೆ.

“ಆಕಾಸ,” ಅಂದೆ.

ಅಪ್ಪ ಹುಬ್ಬು ಗಂಟಿಕ್ಕಿದರು. ನಂತರ ಇಡೀ ಮುಖ ಬಿಚ್ಚಿಕೊಂಡಿತು, ಶಾಲೆಯಿಂದ ಓಡಿ ಬಂದವರ ಹಾಗೆ.

“ಆಕಾಸ ಅಲ್ಲ ಅಕ್ಕಾ. ಆಕಾಶ.”

ಅವರು ಕಾಯುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡು ಮತ್ತೆ ಆಕಾಸ ಅಂದೆ.